ಮೂವತ್ತೊಂದನೆಯ ಪ್ರಶ್ನೆಗೆ ಸರಿಯುತ್ತರ

ಸರಿಯುತ್ತರವನ್ನು ಯಾರು ಬೇಕಾದರೂ ಬರೆಯಬಹುದು, ತಪ್ಪು ಉತ್ತರ ಬರೆಯುವುದಕ್ಕೆ ತಲೆ ಬೇಕು. ಹದಿನಾಲ್ಕು ವರ್ಷದಿಂದ ನಾನು ಇದನ್ನೇ ಹೇಳಿಕೊಂಡು ಬಂದಿದ್ದೇನೆ, ಕೇಳಿದವರಿಗೂ, ಕೇಳದವರಿಗೂ. ನರ್ಸುಗಳನ್ನು ಲೈಸೆನ್ಸ್ ಪರೀಕ್ಷೆಗೆ ತಯಾರು ಮಾಡುವ ತರಬೇತಿ ಕೇಂದ್ರ ನಮ್ಮದು. ದೊಡ್ಡಾಸ್ಪತ್ರೆಯ ಮೇಟ್ರನ್ ಪ್ರಶ್ನೆಗಳನ್ನು ಬರೆದು ಕಳಿಸುತ್ತಾರೆ. ಲೆಕ್ಕದ ಪ್ರಶ್ನೆಗಳಿಗೆ ತಪ್ಪು ಆಯ್ಕೆಗಳನ್ನು ಕೂರಿಸುವುದು, ಎಲ್ಲವನ್ನೂ ಜೋಡಿಸಿ ವೆಬ್‌ಸೈಟಿಗೆ ಏರಿಸುವುದು, ಪ್ರತಿ ತಪ್ಪು ಆಯ್ಕೆಯ ಕೆಳಗೂ ಅದು ಯಾಕೆ ಸರಿ ಅನ್ನಿಸುತ್ತದೆ, ಯಾವ ಯೋಚನೆಯನ್ನು ಪರೀಕ್ಷಿಸುತ್ತದೆ ಎಂದು ಬರೆಯುವುದು ನನ್ನ ಕೆಲಸ. ನಾನು ನರ್ಸ್ ಅಲ್ಲ, ರಕ್ತ ಕಂಡರೆ ನನಗೆ ತಲೆ ಸುತ್ತುತ್ತದೆ. ಆದರೆ ಮನುಷ್ಯರು ಎಲ್ಲಿ ಎಡವುತ್ತಾರೆ ಎನ್ನುವುದು ನನಗೆ ಚೆನ್ನಾಗಿ ಗೊತ್ತು, ಅದರಲ್ಲಿ ನನಗೆ ಖುಷಿಯೂ ಇದೆ. ಈಗ ಮುಚ್ಚಿಟ್ಟು ಏನು ಮಾಡಲಿ?

ನನ್ನ ನಾದಿನಿ ಎಡವುತ್ತಿದ್ದ ಜಾಗಗಳಂತೂ ನನಗೆ ಬಾಯಿಪಾಠವಾಗಿದ್ದವು. ಮೂವತ್ತೆಂಟು ವರ್ಷದ ಹೆಂಗಸು, ಆಳೆತ್ತರ, ಮಂಚದ ಮೇಲಿನ ರೋಗಿಯನ್ನು ಒಬ್ಬಳೇ ಎತ್ತಿ ಮಗ್ಗುಲು ಬದಲಿಸುವವಳು, ಮನೆಯಲ್ಲಿ ಮಾತ್ರ ಇನ್ನೂ ಪಾಪಚ್ಚಿ. ಹನ್ನೊಂದು ವರ್ಷ ಅದೇ ದೊಡ್ಡಾಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಹಳೇ ಸರ್ಟಿಫಿಕೇಟಿನವರೆಲ್ಲ ಹೊಸ ಪರೀಕ್ಷೆ ಪಾಸಾಗಲೇಬೇಕು, ಮೂರೇ ಅವಕಾಶ, ಆಗದವರು ಮನೆಗೆ ಎಂದು ನಿಯಮ ಬಂತು. ಅವಳು ಎರಡು ಸಲ ಕೂತು ಎರಡು ಸಲವೂ ಫೇಲಾದಳು. ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದಳು. ಆ ಕೆಲಸ ಬಿಟ್ಟರೆ ಅವಳಿಗೆ ತನ್ನದು ಅಂತ ಬೇರೆ ಏನೂ ಇರಲಿಲ್ಲ.

"ನೀನೇ ಹೇಳಿಕೊಡು," ಅಂದ ನನ್ನ ಗಂಡ. "ಊರಿಗೆಲ್ಲ ಹೇಳಿಕೊಡ್ತೀಯ, ನನ್ನ ತಂಗಿಗೆ ಹೇಳಿಕೊಡೋಕೆ ಏನು ಕಷ್ಟ?"

ಕಷ್ಟವೇನಿರಲಿಲ್ಲ. ಡ್ಯೂಟಿ ಮುಗಿಸಿ ಬಂದು ಕಾಲು ತೊಳೆದು ಅವಳು ಊಟದ ಮೇಜಿನ ಮುಂದೆ ಕೂರುತ್ತಿದ್ದಳು, ನಾನು ಲ್ಯಾಪ್‌ಟಾಪ್ ತೆರೆಯುತ್ತಿದ್ದೆ. ಮೊದಲ ದಿನದ ಪ್ರಶ್ನೆ ಇದು: ಮಗುವಿನ ತೂಕ ಹನ್ನೆರಡು ಕಿಲೋ, ಕಿಲೋಗೆ ಹದಿನೈದು ಮಿಲಿಗ್ರಾಂ ಔಷಧಿ ಕೊಡಬೇಕು, ಸಿರಪ್‌ನ ಐದು ಎಂ.ಎಲ್.ನಲ್ಲಿ ನೂರಿಪ್ಪತ್ತು ಮಿಲಿಗ್ರಾಂ ಇದೆ, ಎಷ್ಟು ಎಂ.ಎಲ್. ಕೊಡುತ್ತೀರಿ? ಆಯ್ಕೆಗಳು 1.5, 3.3, 7.5, 180.

ಅವಳು ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ 1.5 ಒತ್ತಿದಳು.

"ಒಂದೂವರೆ ಚಮಚ ಅಲ್ವಾ ಅತ್ತಿಗೆ?"

"ಚಮಚ ಯಾರು ಕೇಳಿದ್ರು? ಎಂ.ಎಲ್. ಕೇಳಿರೋದು. ಚಮಚಕ್ಕೆ ಐದು. ಏಳೂವರೆ."

"ಅಯ್ಯೋ, ಅಷ್ಟೇ ತಾನೇ. ಮಗುವಿಗೆ ಹೋಗೋದು ಅಷ್ಟೇ."

"ಮಗು ಪರೀಕ್ಷೆಗೆ ಬರಲ್ಲ, ನೀನು ಹೋಗ್ತೀಯ."

ಆ 1.5 ಅನ್ನು ನಾನು ಅಲ್ಲಿಟ್ಟದ್ದೇ ಇಂಥವರಿಗಾಗಿ. ನೂರೆಂಬತ್ತನ್ನು ನೂರಿಪ್ಪತ್ತರಿಂದ ಭಾಗಿಸಿ ಒಂದೂವರೆ ಬಂತು ಅಂದಕೂಡಲೇ ಲೆಕ್ಕ ಮುಗಿಯಿತು ಎಂದು ಕೈ ತೊಳೆದುಕೊಳ್ಳುವವರಿಗೆ. ಭಾಗಾಕಾರವನ್ನು ತಲೆಕೆಳಗು ಮಾಡಿದವರಿಗೆ 3.3 ಸಿಗುತ್ತದೆ. ಮಿಲಿಗ್ರಾಂ ಮತ್ತು ಎಂ.ಎಲ್. ಎರಡೂ ಒಂದೇ ಅಂದುಕೊಂಡವರು 180ಕ್ಕೆ ಬೀಳುತ್ತಾರೆ. ಸುಮ್ಮನೆ ಬಾಯಿಗೆ ಬಂದ ಸಂಖ್ಯೆ ಇಟ್ಟರೆ ಅದು ಆಯ್ಕೆಯಲ್ಲ, ಕಸ. ಒಂದೊಂದು ತಪ್ಪು ಆಯ್ಕೆಯ ಹಿಂದೆಯೂ ಒಬ್ಬ ಮನುಷ್ಯ ಯೋಚಿಸುತ್ತಾ ಕೂತಿರಬೇಕು.

ಪಾಪಚ್ಚಿಯ ತೊಂದರೆ ಅವಳಿಗೆ ಏನೂ ಗೊತ್ತಿಲ್ಲ ಅನ್ನುವುದಲ್ಲ. ಅವಳಿಗೆ ಎಲ್ಲವೂ ಕೈಯಲ್ಲಿ ಗೊತ್ತಿತ್ತು. ಪ್ರಶ್ನೆ ಪೂರ್ತಿ ಓದುವ ಮೊದಲೇ ಅವಳ ಕಣ್ಣ ಮುಂದೆ ಒಬ್ಬ ರೋಗಿ ಬಂದು ಮಲಗಿಬಿಡುತ್ತಿದ್ದ. "ಕೈಯಿಂದ ಉತ್ತರ ಕೊಡಬೇಡ, ತಲೆಯಿಂದ ಕೊಡು," ಎಂದು ದಿನಕ್ಕೆ ಹತ್ತು ಸಲ ಹೇಳಿದೆ. ಅವಳು ಅದನ್ನು ತನ್ನ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಳು. ನಾನು ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಳ್ಳುತ್ತಿದ್ದಳು, ನನ್ನ ಕೆಮ್ಮೊಂದನ್ನು ಬಿಟ್ಟು. ಅವಳ ಆ ವಿಧೇಯತೆ ಕಂಡರೆ ನನಗೆ ಇನ್ನಷ್ಟು ರೇಗುತ್ತಿತ್ತು.

ನಾಲ್ಕನೆಯ ಸೆಟ್ಟನ್ನು ಏರಿಸಿದ್ದು ಅದೇ ತಿಂಗಳು. ಏರಿಸುವ ಮೊದಲು ನೋಡಿದೆ, ಇಪ್ಪತ್ತೆಂಟರಿಂದ ಮೂವತ್ತೊಂದರವರೆಗೆ ನಾಲ್ಕಕ್ಕೂ ಸರಿಯುತ್ತರ ಸಿ. ಸಾಲಾಗಿ ನಾಲ್ಕು ಸಿ ಬಂದರೆ ಬರೆಯುವವರು ಪ್ರಶ್ನೆ ಬಿಟ್ಟು ಅಕ್ಷರ ನೋಡಲು ಶುರು ಮಾಡುತ್ತಾರೆ. ಹಾಗಾಗಿ ಮೂವತ್ತೊಂದರಲ್ಲಿ ಸಿ ಇದ್ದ ಸಾಲನ್ನು ಡಿಗೆ, ಡಿ ಇದ್ದದ್ದನ್ನು ಸಿಗೆ ಹಾಕಿದೆ. ಪಕ್ಕದ ಕೀ ಉತ್ತರದ ಕಾಲಂನಲ್ಲಿ ಸಿ ಅನ್ನು ಡಿ ಎಂದು ತಿದ್ದಬೇಕಿತ್ತು. ಆ ಹೊತ್ತಿಗೆ ಕೇಂದ್ರದ ಯಜಮಾನರು ಕರೆದರು, ಎದ್ದು ಹೋದೆ. ತಿರುಗಿ ಬಂದು ಸೆಟ್ ಏರಿಸಿಬಿಟ್ಟೆ.

ವಿವರಣೆ ಬರೆಯಲು ಕೂತದ್ದು ಆರು ದಿನದ ನಂತರ. ದಿನಕ್ಕೆ ಅರವತ್ತು ಪ್ರಶ್ನೆಯ ವಿವರಣೆ ಬರೆಯಬೇಕು ಎನ್ನುವುದು ಯಜಮಾನರ ಅಪ್ಪಣೆ. ಅಷ್ಟು ಬರೆಯುವವರಿಗೆ ಒಂದೇ ದಾರಿ: ಮೊದಲು ಕೀ ನೋಡುವುದು, ಅದನ್ನು ಹೊಗಳುವುದು, ಆಮೇಲೆ ಉಳಿದ ಮೂರಕ್ಕೂ ಒಂದೊಂದು ಕೊಂಕು ಹುಡುಕುವುದು. ಪ್ರಶ್ನೆ ಹೀಗಿತ್ತು. ರೋಗಿಗೆ ರಕ್ತ ಕೊಡಲು ಶುರು ಮಾಡಿ ಹತ್ತು ನಿಮಿಷವಾಗಿದೆ. ಚಳಿ ಎನ್ನುತ್ತಾನೆ, ಸೊಂಟ ನೋಯುತ್ತದೆ ಎನ್ನುತ್ತಾನೆ. ನರ್ಸ್ ಮೊದಲು ಮಾಡಬೇಕಾದದ್ದು ಏನು? ಎ, ರಕ್ತ ಹೋಗುವ ವೇಗ ತಗ್ಗಿಸುವುದು. ಬಿ, ಜ್ವರ ನೋಡಿ ಬರೆದಿಡುವುದು. ಸಿ, ವೈದ್ಯರಿಗೆ ತಿಳಿಸುವುದು. ಡಿ, ರಕ್ತ ಕೊಡುವುದನ್ನು ನಿಲ್ಲಿಸುವುದು. ಕೀ ಸಿ ಅಂದಿತು. ಸರಿ, ಸಿ ಅಂದುಕೊಂಡೆ.

ಡಿ ಕೆಳಗೆ ನಾನು ಬರೆದದ್ದು ನನಗೆ ಅಕ್ಷರಕ್ಷರ ನೆನಪಿದೆ: "ಈ ಆಯ್ಕೆ ಅನುಭವಸ್ಥರನ್ನೇ ಹೆಚ್ಚು ಸೆಳೆಯುತ್ತದೆ. ರೋಗಿ ನರಳಿದ ತಕ್ಷಣ ಏನಾದರೂ ಮಾಡಲೇಬೇಕು ಎಂದು ಕೈ ಚಡಪಡಿಸುತ್ತದೆ. ಆದರೆ ರಕ್ತ ಕೊಡಲು ಬರೆದವರು ವೈದ್ಯರು. ಅವರ ಆದೇಶವನ್ನು ಅವರಿಗೆ ತಿಳಿಸದೆ ನಿಲ್ಲಿಸುವುದು ನರ್ಸಿನ ಅಧಿಕಾರ ಮೀರಿದ್ದು. ಅಭ್ಯರ್ಥಿ ತನ್ನ ಅಧಿಕಾರದ ಗಡಿಯನ್ನು ಬಲ್ಲಳೇ ಎಂಬುದನ್ನು ಈ ಆಯ್ಕೆ ಪರೀಕ್ಷಿಸುತ್ತದೆ." ಬರೆದ ಮೇಲೆ ಇನ್ನೊಮ್ಮೆ ಓದಿಕೊಂಡು, ಚೆನ್ನಾಗಿದೆ ಅಂದುಕೊಂಡೆ. ನಿಜವಾಗಿಯೂ ಚೆನ್ನಾಗಿತ್ತು.

ಯಾವ ಆಯ್ಕೆಯನ್ನು ಎಷ್ಟು ಜನ ಒತ್ತಿದರು ಎಂದು ವೆಬ್‌ಸೈಟು ತೋರಿಸುತ್ತದೆ. ಎರಡು ವಾರದಲ್ಲಿ ಇನ್ನೂರ ಹನ್ನೆರಡು ಜನ ಆ ಪ್ರಶ್ನೆ ಬರೆದಿದ್ದರು, ನೂರ ತೊಂಬತ್ತು ಜನ ಡಿ ಒತ್ತಿದ್ದರು. ಹತ್ತರಲ್ಲಿ ಒಂಬತ್ತು ಜನ ಒಂದೇ "ತಪ್ಪು" ಮಾಡಿದರೆ, ಅದರಲ್ಲೂ ತರಗತಿಯಲ್ಲಿ ಮುಂದಿರುವವರೇ ಮಾಡಿದರೆ, ಮೊದಲು ಕೀ ಮೇಲೆ ಅನುಮಾನ ಪಡಬೇಕು. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನೇ ಹೇಳಿಕೊಡುವ ಮೊದಲ ಪಾಠ ಅದು. ಆದರೆ ಯಜಮಾನರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿ, "ಏನಮ್ಮಾ ಇದು, ಎಂಥಾ ಬಲೆ ಹಾಕಿದ್ದೀಯ!" ಅಂದರು. ನನ್ನ ಮುಖ ಊರಗಲವಾಯಿತು. ಹೊಗಳಿಕೆ ಬಂದಾಗ ಅನುಮಾನ ಪಡುವಷ್ಟು ದೊಡ್ಡ ಮನುಷ್ಯಳಲ್ಲ ನಾನು.

ಪಾಪಚ್ಚಿಯೂ ಡಿ ಒತ್ತಿದಳು. ಕೆಂಪು ಗುರುತು ಬಿದ್ದದ್ದು ನೋಡಿ ಮುಖ ಸಣ್ಣದು ಮಾಡಿಕೊಂಡಳು. ಆಮೇಲೆ, ಆ ಎರಡು ತಿಂಗಳಲ್ಲಿ ಮೊದಲ ಸಲ, ನನಗೆ ಎದುರು ಮಾತಾಡಿದಳು.

"ಇಲ್ಲ ಅತ್ತಿಗೆ. ಇದು ನಿಲ್ಲಿಸೋದೇ. ಮೊದಲು ರಕ್ತ ನಿಲ್ಲಿಸ್ಬೇಕು, ಹೊಸ ಟ್ಯೂಬಲ್ಲಿ ಸಲೈನ್ ಹಾಕ್ಬೇಕು, ಆಮೇಲೇ ಡಾಕ್ಟರು. ನಾನು ಎರಡು ಸಲ ಮಾಡಿದ್ದೀನಿ."

"ಮಾಡಿದ್ದೀಯ. ಯಾರನ್ನ ಕೇಳಿ ಮಾಡಿದೆ?"

"ಕೇಳೋಕೆ ಎಲ್ಲಿ ಟೈಮಿರುತ್ತೆ?"

"ನೋಡು, ಅದೇ. ಅದನ್ನೇ ಇಲ್ಲಿ ಬರೆದಿರೋದು. ಓದು ಜೋರಾಗಿ."

ಓದಿದಳು. ಅನುಭವಸ್ಥರನ್ನೇ ಹೆಚ್ಚು ಸೆಳೆಯುತ್ತದೆ ಅನ್ನುವಲ್ಲಿ ತಡವರಿಸಿದಳು. ನಾನು ಮತ್ತೆ ಓದಿಸಿದೆ. ಅವಳು ಇನ್ನೂ ತಲೆ ಅಲ್ಲಾಡಿಸುತ್ತಲೇ ಇದ್ದಳು. ನನಗೆ ಎಲ್ಲಿತ್ತೋ ಸಿಟ್ಟು. "ಹನ್ನೊಂದು ವರ್ಷ ಮಾಡಿದ್ದೀನಿ, ಮಾಡಿದ್ದೀನಿ ಅಂತಾನೇ ಎರಡು ಸಲ ಫೇಲಾದೆ. ನಿನಗಿಂತ ಚಿಕ್ಕವರು ಪಾಸಾಗಿ ಹೋದ್ರು. ಮೇಟ್ರನ್ ಕೊಟ್ಟಿರೋ ಕೀ ಇದು. ನೀನು ಮೇಟ್ರನ್‌ಗಿಂತ ಬುದ್ಧಿವಂತೆನಾ?"

ಅವಳು ನೋಟ್‌ಬುಕ್ ತೆರೆದು ನನ್ನ ಐದೂ ವಾಕ್ಯಗಳನ್ನು ಬರೆದುಕೊಂಡಳು. ಮರುದಿನ ಅದೇ ಪ್ರಶ್ನೆ ಕೊಟ್ಟಾಗ ಸಿ ಒತ್ತಿದಳು. ಅದರ ಮರುದಿನವೂ ಸಿ. "ಈಗ ದಾರಿಗೆ ಬಂದೆ," ಅಂದೆ.

ಪರೀಕ್ಷೆಯಲ್ಲಿ ಆ ಪ್ರಶ್ನೆ ಬರಲಿಲ್ಲ. ಬಂದಿದ್ದರೆ ಒಂದು ಅಂಕ ಹೋಗುತ್ತಿತ್ತು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ನೂರಕ್ಕೆ ಎಂಬತ್ತೊಂದು ಬಂತು ಅವಳಿಗೆ. ಫಲಿತಾಂಶದ ದಿನ ನನ್ನ ಕಾಲಿಗೆ ಬೀಳಲು ಬಂದಳು, ನಾನು ಬೇಡ ಬೇಡ ಅನ್ನುತ್ತಲೇ ನಿಂತಿದ್ದೆ, ಬಿದ್ದಳು. ಕೇಂದ್ರದ ಗೋಡೆಗೆ ಅವಳ ಫೋಟೋ ಹಾಕಿಸಿದೆ. ಲೈಸೆನ್ಸ್ ಬಂದ ಮೇಲೆ ಆಸ್ಪತ್ರೆಯವರು ಅವಳಿಗೆ ಸರ್ಜರಿ ವಾರ್ಡಿನ ಬೆಳಗಿನ ಡ್ಯೂಟಿಯನ್ನು ಪೂರ್ತಿ ಒಪ್ಪಿಸಿದರು.

ಆ ವಾರ್ಡಿನಲ್ಲಿ ಏಳನೆಯ ಮಂಚದ ಮೇಲೆ ಒಬ್ಬ ಬಡಗಿ ಇದ್ದ. ಆಪರೇಷನ್ನಿಗೆ ಮುಂಚೆ ಒಂದು ಬಾಟಲಿ ರಕ್ತ ಕೊಡಬೇಕೆಂದು ಬರೆದಿದ್ದರು. ಕೆಳಗಿನ ಲ್ಯಾಬಿನವರು ಬೇರೆ ಗುಂಪಿನ ರಕ್ತಕ್ಕೆ ಇವನ ಚೀಟಿ ಅಂಟಿಸಿ ಕಳಿಸಿದ್ದರು, ಮೇಲೆ ಯಾರಿಗೂ ಅದು ಗೊತ್ತಾಗುವಂತಿರಲಿಲ್ಲ. ಹತ್ತು ನಿಮಿಷಕ್ಕೆ ಬಡಗಿ, "ಸಿಸ್ಟರ್, ಯಾಕೋ ಚಳಿ ಆಗ್ತಿದೆ, ಸೊಂಟ ಮುರಿದ ಹಾಗೆ ಆಗ್ತಿದೆ," ಅಂದನಂತೆ. ಪಾಪಚ್ಚಿಯ ಕೈ ಟ್ಯೂಬನ್ನು ಮುಚ್ಚುವ ಕೀಲಿಯ ಮೇಲೆ ಹೋಯಿತಂತೆ. ಹೋಗಿ, ವಾಪಸು ಬಂತಂತೆ. ಅವಳು ಡಾಕ್ಟರನ್ನು ಕರೆಯಲು ಓಡಿದಳು. ಡಾಕ್ಟರು ಫೋನ್ ಎತ್ತಲಿಲ್ಲ, ಇವಳು ಮೇಲಿನ ಮಹಡಿಗೆ ಓಡಿದಳು. ಡಾಕ್ಟರು ಬಂದು ಕೀಲಿ ಮುಚ್ಚುವಷ್ಟರಲ್ಲಿ ಒಂಬತ್ತು ನಿಮಿಷ. ಬಡಗಿಯ ಮೂತ್ರ ಕೆಂಪಾಯಿತು, ಆಮೇಲೆ ನಿಂತೇ ಹೋಯಿತು. ಎಂಟನೆಯ ದಿನ ತೀರಿಕೊಂಡ.

ಆ ಒಂಬತ್ತು ನಿಮಿಷದ ಕಥೆಯನ್ನು ಅವಳು ಮೊದಲ ದಿನವೇ ಬಂದು ಹೇಳಿದಳು, ಬಡಗಿ ಇನ್ನೂ ಬದುಕಿದ್ದಾಗ. ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಹೇಳಿದಳು. "ನಿಲ್ಲಿಸೋಣ ಅಂತ ಕೈ ಹಾಕಿದೆ ಅತ್ತಿಗೆ. ಆಗ ನಿಮ್ಮ ಮಾತು ನೆನಪಾಯ್ತು. ಕೈಯಿಂದ ಉತ್ತರ ಕೊಡಬೇಡ ಅಂತ. ಕೈ ತೆಗೆದೆ." ಬೈಗುಳದ ದನಿ ಇರಲಿಲ್ಲ, ಮಾಡಿದ್ದು ಸರಿ ತಾನೇ ಎಂದು ಕೇಳುವ ದನಿ. ಅದೇ ನನಗೆ ಭಯ ಹುಟ್ಟಿಸಿತು.

ರೂಮಿಗೆ ಹೋಗಿ ಮೇಟ್ರನ್ ಕಳಿಸಿದ ಮೂಲ ಕಾಗದ ತೆರೆದೆ. ಸಿ, ನಿಲ್ಲಿಸುವುದು. ಡಿ, ವೈದ್ಯರಿಗೆ ತಿಳಿಸುವುದು. ಕೀ ಸಿ. ನನ್ನ ಪರದೆಯ ಮೇಲೆ ಅವೆರಡೂ ಅದಲುಬದಲಾಗಿದ್ದವು, ಕೀ ಮಾತ್ರ ಕೂತಲ್ಲೇ ಕೂತಿತ್ತು. ಕೀಯನ್ನು ಡಿ ಮಾಡಿದೆ. ಸಿ ಕೆಳಗೆ ಹೊಸದಾಗಿ ಬರೆದೆ: "ದೊಡ್ಡವರಿಗೆ ತಿಳಿಸಿದರೆ ಜವಾಬ್ದಾರಿ ಕಳೆಯಿತು ಎನ್ನುವವರನ್ನು ಈ ಆಯ್ಕೆ ಸೆಳೆಯುತ್ತದೆ. ತಿಳಿಸಲೇಬೇಕು, ಆದರೆ ಮೊದಲಲ್ಲ. ಪ್ರತಿ ಹನಿಯೂ ಹಾನಿ ಹೆಚ್ಚಿಸುವಾಗ ಕಾಯದೆ ನಿಲ್ಲಿಸುವುದು ನರ್ಸಿನ ಕರ್ತವ್ಯ." ಇದೂ ಚೆನ್ನಾಗಿತ್ತು. ಎರಡು ನಿಮಿಷದ ಕೆಲಸ. ಯಾವಾಗ ತಿದ್ದಿದರು ಎನ್ನುವುದು ಓದುವವರಿಗೆ ಕಾಣುವುದಿಲ್ಲ. ಪಕ್ಕದಲ್ಲಿ "ಹಿಂದೆ ಬರೆದವರಿಗೆಲ್ಲ ತಿದ್ದುಪಡಿ ಕಳಿಸಿ" ಎನ್ನುವ ಗುಂಡಿಯೊಂದು ಇತ್ತು. ಅದನ್ನು ಒತ್ತಿದರೆ ತಾರೀಕಿನ ಸಮೇತ ಎಲ್ಲರಿಗೂ ಹೋಗುತ್ತದೆ. ಒತ್ತಲಿಲ್ಲ.

ಬಡಗಿ ಸತ್ತ ಮೇಲೆ ವಿಚಾರಣೆ ಕೂತಿತು. ಲ್ಯಾಬಿನವನನ್ನು ಆಗಲೇ ತೆಗೆದಿದ್ದರು. ಆ ಒಂಬತ್ತು ನಿಮಿಷಕ್ಕೆ ಯಾರು ಹೊಣೆ ಎನ್ನುವುದಷ್ಟೇ ಉಳಿದಿತ್ತು. ಅಭ್ಯಾಸದ ಸೆಟ್ಟಿನಲ್ಲಿ ಹೀಗೇ ಇತ್ತು ಎಂದು ಪಾಪಚ್ಚಿ ಹೇಳಿದ್ದರಿಂದ ನನ್ನನ್ನೂ ಕರೆಸಿದರು. ಆಸ್ಪತ್ರೆಯ ಮೀಟಿಂಗ್ ರೂಮು, ಉದ್ದನೆ ಮೇಜು, ಗೋಡೆಗೆ ದೊಡ್ಡ ಪರದೆ. ಮೇಟ್ರನ್ ತಾವೇ ಸೆಟ್ ತೆರೆದು ಮೂವತ್ತೊಂದನೆಯ ಪ್ರಶ್ನೆಗೆ ಬಂದರು. ಡಿ ಹಸಿರಾಗಿತ್ತು. ಅವರು ನನ್ನ ಹೊಸ ವಿವರಣೆಯನ್ನು ಜೋರಾಗಿ ಓದಿದರು.

ಪಾಪಚ್ಚಿ ಪರದೆಯನ್ನು ನೋಡಿದಳು, ಆಮೇಲೆ ನನ್ನನ್ನು. ಆಮೇಲೆ ಎದ್ದು ನಿಂತು, ಶಾಲೆಯ ಹುಡುಗಿ ಪದ್ಯ ಒಪ್ಪಿಸುವ ಹಾಗೆ, ಹಳೆಯದನ್ನು ಒಪ್ಪಿಸಿದಳು. "ಈ ಆಯ್ಕೆ ಅನುಭವಸ್ಥರನ್ನೇ ಹೆಚ್ಚು ಸೆಳೆಯುತ್ತದೆ. ರೋಗಿ ನರಳಿದ ತಕ್ಷಣ ಏನಾದರೂ ಮಾಡಲೇಬೇಕು ಎಂದು ಕೈ ಚಡಪಡಿಸುತ್ತದೆ..." ಒಂದು ಪದ ಆಚೀಚೆ ಆಗಲಿಲ್ಲ. ನೋಟ್‌ಬುಕ್ಕನ್ನೂ ಮೇಜಿನ ಮೇಲಿಟ್ಟಳು.

ಮೇಟ್ರನ್ ಪುಟ ತಿರುಗಿಸಿ ನೋಡಿದರು. "ಇದು ನಿನ್ನ ಕೈಬರಹ ಅಲ್ವೇನಮ್ಮಾ?"

"ಹೌದು ಮೇಡಂ. ಅತ್ತಿಗೆ ಬರೆದಿದ್ದನ್ನ ನೋಡಿ ಬರ್ಕೊಂಡಿದ್ದು."

ಮೇಟ್ರನ್ ನನ್ನ ಕಡೆ ತಿರುಗಿದರು. "ನೀವು ಹೀಗೆ ಬರೆದಿದ್ರಾ?"

"ಇಲ್ಲ," ಅಂದೆ.

ಒಂದೇ ಪದ. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮೇಟ್ರನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೀವು ಇದರಲ್ಲೇ ಪಳಗಿದವರು. ಹನ್ನೊಂದು ವರ್ಷದ ನರ್ಸ್ ಹೀಗ್ಯಾಕೆ ಮಾಡ್ತಾಳೆ ಹೇಳಿ," ಅಂದರು. ನಾನು ಹೇಳಿದೆ. ಎರಡು ಸಲ ಫೇಲಾದವರಿಗೆ ತಮ್ಮ ಮೇಲೆ ನಂಬಿಕೆ ಹೋಗಿರುತ್ತದೆ, ಅಂಥವರಿಗೆ ಇನ್ನೊಬ್ಬರನ್ನು ಕೇಳುವ ಆಯ್ಕೆ ಯಾವಾಗಲೂ ಸುರಕ್ಷಿತವಾಗಿ ಕಾಣುತ್ತದೆ ಎಂದೆ. ತಪ್ಪಾದ ಮೇಲೆ ಮನಸ್ಸು ಅದಕ್ಕೊಂದು ಕಾರಣ ಹೊಂದಿಸಿಕೊಳ್ಳುತ್ತದೆ, ಯಾರೋ ಹೇಳಿದ್ದರು ಅನ್ನಿಸುತ್ತದೆ, ಅವಳು ಬೇಕೆಂದು ಸುಳ್ಳು ಹೇಳುತ್ತಿಲ್ಲ ಎಂದೂ ಸೇರಿಸಿದೆ. ಕರುಣೆಯ ದನಿಯಲ್ಲೇ ಹೇಳಿದೆ. ಮೇಜಿನ ಸುತ್ತ ಕೂತವರೆಲ್ಲ ತಲೆದೂಗಿದರು. ಅವರ ಮುಂದೆಯೂ ನಾನು ಕೀ ನೋಡಿಕೊಂಡೇ ವಿವರಣೆ ಕೊಟ್ಟಿದ್ದೆ.

ಪಾಪಚ್ಚಿ ಅಳಲಿಲ್ಲ. ನಾನು ಮಾತಾಡುವಷ್ಟೂ ಹೊತ್ತು ನನ್ನ ಬಾಯನ್ನೇ ನೋಡುತ್ತಿದ್ದಳು, ನಮ್ಮ ಊಟದ ಮೇಜಿನ ಮುಂದೆ ಕೂತು ಕೇಳುತ್ತಿದ್ದ ಹಾಗೆಯೇ. ಕೊನೆಗೆ ಅಭ್ಯಾಸಬಲದಿಂದ ಒಮ್ಮೆ ತಲೆಯನ್ನೂ ಆಡಿಸಿದಳು. ಸಾಯಂಕಾಲದೊಳಗೆ ಲೈಸೆನ್ಸ್ ರದ್ದಾಯಿತು, ಕೆಲಸ ಹೋಯಿತು. ಕೇಂದ್ರದ ಗೋಡೆಯಿಂದ ಫೋಟೋ ತೆಗೆಸಿದೆ. ಅಲ್ಲೊಂದು ಚೌಕದ ಗುರುತು ಉಳಿಯಿತು, ಯಜಮಾನರು ಕ್ಯಾಲೆಂಡರ್ ತೂಗುಹಾಕಿದರು.

ನನ್ನ ಗಂಡ ಅವಳ ಮುಖ ನೋಡುವುದನ್ನು ಬಿಟ್ಟ. "ಇಷ್ಟು ಹೇಳಿಕೊಟ್ಟಳು ನಿನ್ನತ್ತಿಗೆ, ಅವಳ ಮೇಲೇ ಗೂಬೆ ಕೂರಿಸಿದೆಯಲ್ಲೇ," ಎಂದು ಒಂದೇ ಸಲ ಅಂದ. ತಿಂಗಳೊಪ್ಪತ್ತಿನಲ್ಲಿ ಅವಳು ಊರ ಇನ್ನೊಂದು ತುದಿಯಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಅಲ್ಲೇ ಇರಬೇಕು, ನರ್ಸ್ ಅಂತ ಹೇಳಿಕೊಳ್ಳುವ ಹಾಗಿಲ್ಲ. ಹೊರಡುವ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ನನ್ನ ರೂಮಿನ ಬಾಗಿಲಲ್ಲಿ ನಿಂತಳು. ನಾನು ಆರನೆಯ ಸೆಟ್ ಬರೆಯುತ್ತಿದ್ದೆ. ಈಗ ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಅಂದುಕೊಂಡೆ. ಅದಕ್ಕೆಲ್ಲ ನಾನು ಉತ್ತರ ತಯಾರಿಟ್ಟುಕೊಂಡಿದ್ದೆ.

"ಅತ್ತಿಗೆ, ಒಂದು ಕೇಳ್ಬೇಕಿತ್ತು."

"ಕೇಳು."

"ಆ ಪ್ರಶ್ನೆ ನನ್ನ ಹಾಗೆ ಇನ್ನೂ ಎಷ್ಟೋ ಜನ ಓದಿರ್ತಾರಲ್ಲ. ಅವರೆಲ್ಲ ಈಗ ವಾರ್ಡಲ್ಲಿ ಇರ್ತಾರೆ. ಅವರಿಗೆ ತಿಳಿಸಿದ್ರಾ?"

ಆ ಪ್ರಶ್ನೆ ಬರೆದವರ ಸಂಖ್ಯೆ ನನಗೆ ನೆನಪಿತ್ತು. ನಾನು ಕೀ ತಿದ್ದುವ ಹೊತ್ತಿಗೆ ಅದು ಮುನ್ನೂರ ನಲವತ್ತಾರು ಆಗಿತ್ತು. ಮೊದಲ ಸಲ ಬರೆದಾಗ ಹೆಚ್ಚುಕಮ್ಮಿ ಎಲ್ಲರೂ ಡಿ ಒತ್ತಿದ್ದರು. ನನ್ನ ವಿವರಣೆ ಓದಿ ಎರಡನೆಯ ಸಲ ಬರೆದಾಗ ಹೆಚ್ಚುಕಮ್ಮಿ ಎಲ್ಲರೂ ಸಿ ಒತ್ತಿದ್ದರು. ಅಷ್ಟು ಚೆನ್ನಾಗಿ ನಾನು ಬೇರೆ ಯಾವುದನ್ನೂ ಕಲಿಸಿದವಳಲ್ಲ.

"ತಿಳಿಸಿದೆ," ಅಂದೆ.

"ಎಲ್ಲರಿಗೂ?"

"ಎಲ್ಲರಿಗೂ."

"ಸದ್ಯ," ಎಂದು ಅವಳು ಉಸಿರು ಬಿಟ್ಟಳು. ನಂಬಿದಳು. ಚಪ್ಪಲಿ ಮೆಟ್ಟಿಕೊಂಡು, ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದಳು. ನಾನು ಮುಂದಿನ ಪ್ರಶ್ನೆಯ ಕೀ ನೋಡಿದೆ. ಬಿ ಎಂದಿತ್ತು.